ಪಿಂಚಣಿ ಬಂದ ದಿನ ಮೊದಲು ಗುಳಿಗೆಯ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ಸ್ವಂತ ಮನೆಯಿರುವ ನಿವೃತ್ತ ಶಿಕ್ಷಕ ದಂಪತಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಯಜಮಾನರಿಗೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ, ಮನೆಯವರಿಗೆ ಥೈರಾಯ್ಡ್ ಮತ್ತು ಮೊಣಕಾಲು ನೋವು. ಮೂಲ ಪಿಂಚಣಿ 28,000 ರೂಪಾಯಿ, ತುಟ್ಟಿಭತ್ಯೆ ಸೇರಿ ಕೈಗೆ ಬರುವುದು ಸುಮಾರು 32,000. ಇಂಥ ಮನೆಯಲ್ಲಿ ಕಿರಾಣಿ, ಹಾಲು, ಕರೆಂಟು ಎಲ್ಲ ಕಳೆದು ಉಳಿದದ್ದು ದವಾಖಾನೆಗೆ ಎಂದುಕೊಂಡರೆ ನಾಲ್ಕೇ ತಿಂಗಳಲ್ಲಿ ಲೆಕ್ಕ ತಪ್ಪುತ್ತದೆ. ಔಷಧದ ಹಣವನ್ನು ಮೊದಲು ಎತ್ತಿಡಬೇಕು.

ಮೊದಲ ಕೆಲಸ, ಗುಳಿಗೆಯ ಪಟ್ಟಿ. ಒಂದು ನೋಟ್‌ಬುಕ್ಕಿನಲ್ಲಿ ಗುಳಿಗೆಯ ಮೂಲದ್ರವ್ಯದ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಒಂದು ಗುಳಿಗೆಗೆ ಎಷ್ಟು ರೂಪಾಯಿ ಎಂದು ಬರೆಯಿರಿ. ಸ್ಟ್ರಿಪ್‌ನ ಬೆಲೆ ಬರೆದರೆ ಸಾಲದು. 15 ಗುಳಿಗೆಯ ಸ್ಟ್ರಿಪ್ 90 ರೂಪಾಯಿಗೆ ಸಿಗುತ್ತಿತ್ತು ಎನ್ನಿ. ಈ ಸಲ ಅಂಗಡಿಯವರು ಬೇರೆ ಕಂಪನಿಯ 10ರ ಸ್ಟ್ರಿಪ್ 75ಕ್ಕೆ ಕೊಟ್ಟರೆ ಅಗ್ಗ ಅನ್ನಿಸುತ್ತದೆ. ಆದರೆ ಒಂದು ಗುಳಿಗೆ 6 ರೂಪಾಯಿಯಿಂದ ಏಳೂವರೆಗೆ ಏರಿತು. ದಿನಕ್ಕೆರಡು ನುಂಗುವವರಿಗೆ ವರ್ಷಕ್ಕೆ 1,095 ರೂಪಾಯಿ ಹೆಚ್ಚು. ಖರ್ಚು ಏರುವುದು ಬಹಳ ಸಲ ಹೀಗೇ, ಗೊತ್ತಾಗದಂತೆ.

ಈ ಪಟ್ಟಿ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋಗಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಗುಳಿಗೆಗಳು ಅಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದುಂಟು. ಮೂಲದ್ರವ್ಯ ಮತ್ತು ಮಿಲಿಗ್ರಾಂ ಎರಡೂ ತಾಳೆಯಾಗಬೇಕು. ಹೆಸರಿನ ಮುಂದೆ ‘ಎಸ್‌ಆರ್’ ಎಂದಿದ್ದರೆ ಅದು ನಿಧಾನವಾಗಿ ಕರಗುವ ಗುಳಿಗೆ. ಅದರ ಬದಲು ಸಾದಾ ಗುಳಿಗೆ ತರಬೇಡಿ. ಥೈರಾಯ್ಡ್ ಗುಳಿಗೆಯ ಕಂಪನಿಯನ್ನು ಮಾತ್ರ ವೈದ್ಯರನ್ನು ಕೇಳದೆ ಬದಲಿಸಬಾರದು. ಬದಲಿಸಿದರೆ ಆರೆಂಟು ವಾರದ ನಂತರ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಎಲ್ಲ ಸೇರಿ ಈ ಮನೆಯ ಗುಳಿಗೆ ಖರ್ಚು ತಿಂಗಳಿಗೆ 3,100 ಎಂದಿಟ್ಟುಕೊಳ್ಳಿ.

ಎರಡನೆಯದು, ತಿಂಗಳ ಲೆಕ್ಕದಲ್ಲಿ ಕಾಣದ ಖರ್ಚು. ಎಚ್‌ಬಿಎ1ಸಿ, ಕ್ರಿಯಾಟಿನಿನ್, ಟಿಎಸ್‌ಎಚ್ ರಕ್ತಪರೀಕ್ಷೆಗಳು, ಸಕ್ಕರೆ ಇರುವವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ತಪಾಸಣೆ, ವೈದ್ಯರ ಫೀ, ಬೆಳಗಾವಿಗೆ ಎರಡು ಸಲ ಹೋಗಿಬರುವ ಖರ್ಚು. ಇವನ್ನೆಲ್ಲ ವರ್ಷಕ್ಕೆ ಕೂಡಿಸಿ 12ರಿಂದ ಭಾಗಿಸಿ. 15,600 ಆದರೆ ತಿಂಗಳಿಗೆ 1,300. ಆರೋಗ್ಯ ವಿಮೆಯ ಕಂತು ವರ್ಷಕ್ಕೆ 42,000 ಇದ್ದರೆ ತಿಂಗಳಿಗೆ 3,500. ಮೂರೂ ಸೇರಿ 7,900.

ವಿಮೆ ಕಂತಿನ ತಾರೀಖು ಮರೆತರೆ ಪೆಟ್ಟು ದೊಡ್ಡದು. ವರ್ಷದ ಕಂತಿಗೆ 30 ದಿನದ ರಿಯಾಯಿತಿ ಇದೆ, ಆದರೆ ಆ ದಿನಗಳಲ್ಲಿ ದಾಖಲಾದರೆ ಖರ್ಚು ಸಿಗುವುದಿಲ್ಲ. ಅದೂ ದಾಟಿದರೆ ಪಾಲಿಸಿ ಮುರಿದು, ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ರಸೀದಿಯಲ್ಲಿ ಅದನ್ನು ನೋಡಿಕೊಳ್ಳಿ.

ವಿಮೆ ಇದ್ದರೂ ಕೈಗವಸು, ಸಿರಿಂಜ್‌ನಂಥ ಸಾಮಾನು, ಕಾರಿನ ಬಾಡಿಗೆ, ಜೊತೆಗಿರುವವರ ಊಟ ಕೈಯಿಂದಲೇ ಹೋಗುತ್ತವೆ. ಅದಕ್ಕೆ ತಿಂಗಳಿಗೆ 1,500 ಬೇರೆ ಇಡಿ. ಒಟ್ಟು 9,400. ಪಿಂಚಣಿ ಜಮೆಯಾದ ಮರುದಿನವೇ ಇದು ಇನ್ನೊಂದು ಖಾತೆಗೆ ತಾನಾಗಿಯೇ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ.

ಮನೆಗೆ ಉಳಿದದ್ದು 22,600. ಕಿರಾಣಿ, ಹಾಲು, ಕಾಯಿಪಲ್ಯಕ್ಕೆ 11,000; ಗ್ಯಾಸು, ಕರೆಂಟು, ಫೋನಿಗೆ 2,500; ಮನೆಗೆಲಸದವರಿಗೆ 1,500; ಮದುವೆ, ಮುಯ್ಯಿಗೆ 2,500. ವರ್ಷದ ಜೋಳವನ್ನು ಸುಗ್ಗಿಯಲ್ಲಿ ಒಮ್ಮೆಲೇ ತುಂಬಿಸುವವರು ಆ ಮೊತ್ತವನ್ನೂ 12ರಿಂದ ಭಾಗಿಸಿ ಕಿರಾಣಿಯಲ್ಲೇ ಸೇರಿಸಲಿ. ಮಿಕ್ಕುವುದು 5,100. ಮೊಮ್ಮಕ್ಕಳಿಗೆ ಕೊಡುವುದು, ಮನೆ ರಿಪೇರಿ, ಎಲ್ಲ ಇದರೊಳಗೆ.

ಇನ್ನು ಏರಿಕೆ. ಔಷಧ, ತಪಾಸಣೆ, ವಿಮೆ ವರ್ಷಕ್ಕೆ ಶೇ 10ರಷ್ಟು ಏರಿದರೆ 7,900ರ ಮೇಲೆ ತಿಂಗಳಿಗೆ 790 ಹೆಚ್ಚಾಗುತ್ತದೆ. ತುಟ್ಟಿಭತ್ಯೆ ಜನವರಿ, ಜುಲೈ ಎರಡೂ ಸಲ ಶೇ 2ರಂತೆ ಏರಿದರೆ ಮೂಲ ಪಿಂಚಣಿಯ ಮೇಲೆ ಸಿಗುವುದು 1,120. ಅಂದರೆ ಏರಿದ ತುಟ್ಟಿಭತ್ಯೆಯ ಸುಮಾರು ಶೇ 70ರಷ್ಟು ಪಾಲು ಆಗಲೇ ಔಷಧದ್ದು. ಪ್ರತಿ ಸಲ ಆದೇಶ ಬಂದ ತಿಂಗಳೇ ಖಾತೆಗೆ ಹೋಗುವ ಮೊತ್ತವನ್ನು 400ರಷ್ಟು ಹೆಚ್ಚಿಸಿ. ಬಾಕಿ ಹಣ ಒಟ್ಟಿಗೆ ಬಂದರೆ ಅದನ್ನು ಖರ್ಚಿಗೆ ಎಳೆಯದೆ ಇದೇ ಖಾತೆಗೆ ಹಾಕಿ.

ಆ ಖಾತೆ ಇಬ್ಬರ ಹೆಸರಿನಲ್ಲಿರಲಿ, ಇಬ್ಬರಲ್ಲಿ ಯಾರಾದರೂ ಹಣ ತೆಗೆಯುವಂತಿರಲಿ. ಯಜಮಾನರು ತುರ್ತು ವಾರ್ಡಿನಲ್ಲಿ ಮಲಗಿದ್ದಾಗ ಮುಂಗಡ ಕಟ್ಟಬೇಕಾದವರು ಮನೆಯವರೇ. ಎಟಿಎಂ ಕಾರ್ಡಿನಿಂದ ಅವರೇ ಒಮ್ಮೆ ಹಣ ತೆಗೆದು ನೋಡಲಿ, ಪಾಲಿಸಿ ಕಾರ್ಡು ಮತ್ತು ಗುಳಿಗೆಯ ಪಟ್ಟಿ ಅವರ ಕೈಗೆ ಸಿಗುವ ಜಾಗದಲ್ಲಿರಲಿ.