ಹಿಂದಿನ ಇಂಟರ್ನ್ ಮಾಡಿದ ಕೆಲಸ ಈಗ ಎಲ್ಲಿದೆ?

ಇಂಟರ್ನ್‌ಶಿಪ್ ಇಂಟರ್ವ್ಯೂ ಮುಗಿಯುವ ಹೊತ್ತಿಗೆ "ನಿಮಗೇನಾದರೂ ಕೇಳೋದಿದೆಯಾ?" ಅನ್ನುವ ಮಾತು ಸಾಮಾನ್ಯವಾಗಿ ಬಂದೇ ಬರುತ್ತದೆ. ಆಗ ಉಳಿದಿರುವುದು ಹೆಚ್ಚೆಂದರೆ ಐದು ನಿಮಿಷ. ಎದುರಿಗಿರುವವರ ಕಣ್ಣು ಆಗಲೇ ಗಡಿಯಾರದ ಕಡೆ ಹೋಗಿರುತ್ತದೆ. ಅಷ್ಟರಲ್ಲಿ ಹತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಕೂತರೆ ಕೆಲಸವಾಗಲ್ಲ. ಪುಣೆಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದುತ್ತಾ ಕೊನೆಯ ಸೆಮಿಸ್ಟರ್‌ಗೆ ಇಂಟರ್ನ್‌ಶಿಪ್ ಹುಡುಕುವಾಗ ನಾನು ಮುಖ್ಯವಾಗಿ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗುತ್ತಿದ್ದೆ. ಉಳಿದವು ಅದರ ಬಾಲ ಹಿಡಿದು ಬರುತ್ತಿದ್ದವು.

"ನಿಮ್ಮ ಟೀಮಿನಲ್ಲಿ ಹಿಂದೆ ಇದ್ದ ಇಂಟರ್ನ್ ಏನು ಮಾಡಿದರು? ಆ ಕೆಲಸ ಈಗಲೂ ಬಳಕೆಯಲ್ಲಿದೆಯಾ?"

ಕೇಳಿದ್ದು ಇಂಗ್ಲಿಷಿನಲ್ಲೇ, ತಾತ್ಪರ್ಯ ಇಷ್ಟು. "ಇಲ್ಲಿ ಕಲಿಯೋಕೆ ಏನು ಸಿಗುತ್ತೆ?" ಅಂತ ಕೇಳಿದರೆ ಯಾರಾದರೂ ಚಂದವಾಗಿ ಉತ್ತರ ಹೇಳಬಲ್ಲರು. ಅದು ಮುಂದಾಗುವುದರ ಮಾತು, ಖರ್ಚಿಲ್ಲದ್ದು. ಆಗಿಹೋದದ್ದನ್ನು ಕೇಳಿದರೆ ಅವರು ಒಬ್ಬ ಮನುಷ್ಯನನ್ನು, ಒಂದು ಕೆಲಸವನ್ನು ನೆನಪು ಮಾಡಿಕೊಳ್ಳಲೇಬೇಕು. ನೆನಪಾಗದಿದ್ದರೆ ಅದೂ ಒಂದು ಉತ್ತರವೇ.

ಕರ್ವೆನಗರದ ರೂಮಿನಲ್ಲಿ ಜೊತೆಗಿದ್ದ ವಿಜಯಪುರದ ಗೆಳೆಯನಿಗೆ ಇದು ಹಿಡಿಸಿರಲಿಲ್ಲ. "ಅಲ್ಲೋ, ಹಿಂಗ ಕೇಳಿದ್ರ ಇವ ನಮ್ಮನ್ನ ಪರೀಕ್ಷಾ ಮಾಡಾಕತ್ತಾನ ಅಂತ ತಿಳ್ಕೋತಾರ ನೋಡು" ಅಂದ. ಅವನು ಹೇಳಿದ್ದರಲ್ಲೂ ಅರ್ಥವಿತ್ತು. ಅದಕ್ಕೇ ಪ್ರಶ್ನೆಯ ಹಿಂದೆಯೇ "ನನಗೆ ಎಂಥ ಕೆಲಸ ಬರಬಹುದು ಅಂತ ಅಂದಾಜಿಗೆ ಕೇಳ್ತಿದ್ದೀನಿ" ಅಂತ ಸೇರಿಸತೊಡಗಿದೆ. ಅಷ್ಟು ಹೇಳಿದರೆ ಯಾರೂ ಮುಖ ಬಿಗಿಯುವುದಿಲ್ಲ.

ಹಿಂಜವಡಿಯ ಒಂದು ಕಂಪನಿಯಲ್ಲಿ ಉತ್ತರ ಥಟ್ಟನೆ ಬಂತು. "ನಮ್ಮ ಇಂಟರ್ನ್ ಒಂದು ಡ್ಯಾಶ್‌ಬೋರ್ಡ್ ಮಾಡಿದ. ತುಂಬಾ ಚೆನ್ನಾಗಿತ್ತು, ಮ್ಯಾನೇಜ್‌ಮೆಂಟ್‌ಗೆ ಡೆಮೊ ಕೊಟ್ಟ." ಈಗ ಯಾರು ನೋಡ್ತಾರೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಹೋದ ಮೇಲೆ ಅದನ್ನು ನೋಡಿಕೊಳ್ಳೋರು ಇರಲಿಲ್ಲ" ಅಂದರು. ಅವರು ಸುಳ್ಳು ಹೇಳಲಿಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ನನಗೆ ಅರ್ಥವಾಗಿದ್ದು ಇಷ್ಟು: ಇಂಟರ್ನ್‌ಗೆ ಕೊಡುವ ಕೆಲಸ ಟೀಮಿನ ಕೆಲಸದ ಹೊರಗಿದೆ. ಹೊರಗಿನ ಕೆಲಸವನ್ನು ಯಾರೂ ಕಣ್ಣಿಟ್ಟು ಓದುವುದಿಲ್ಲ. ತಪ್ಪು ಬರೆದರೂ ಡೆಮೊ ದಿನ ಓಡಿದರೆ ಸಾಕು.

ಬಾಣೇರಿನ ಒಂದು ಚಿಕ್ಕ ಕಂಪನಿಯಲ್ಲಿ ಇದೇ ಪ್ರಶ್ನೆಗೆ ಬಂದ ಉತ್ತರ ಬೇರೆ ಥರದ್ದು. ಅಲ್ಲಿನ ಹಿರಿಯ ಎಂಜಿನಿಯರ್ ನಗುತ್ತಾ, "ಬ್ಯಾಂಕಿನಿಂದ ಬರೋ ಪೇಮೆಂಟ್ ಫೈಲ್‌ನ ನಮ್ಮ ಲೆಕ್ಕದ ಜೊತೆ ತಾಳೆ ನೋಡೋ ಪ್ರೋಗ್ರಾಂ ಬರೆದಳು. ರಾತ್ರಿ ಓಡುತ್ತೆ. ಮೊನ್ನೆ ಅದರಲ್ಲೇ ಒಂದು ಬಗ್ ಬಂದು ನನ್ನ ನಿದ್ದೆ ಕೆಟ್ಟಿತು" ಅಂದರು. ಏನು ಬಗ್ ಅಂದೆ. ಫೈಲ್‌ನಲ್ಲಿ ಒಂದೇ ಪೇಮೆಂಟ್ ಎರಡು ಸಲ ಬಂದರೆ ಎರಡನ್ನೂ ಜಮೆ ಅಂತ ಎಣಿಸುತ್ತಿತ್ತಂತೆ. ನನಗೆ ಹಿಂಜವಡಿಯ ಆ ಹೊಗಳಿಕೆಗಿಂತ ಈ ದೂರೇ ಜಾಸ್ತಿ ಇಷ್ಟವಾಯಿತು. ಬಗ್ ಬಂದಿದೆ ಅಂದರೆ ಓಡುತ್ತಿದೆ. ಒಬ್ಬರ ನಿದ್ದೆ ಕೆಟ್ಟಿದೆ ಅಂದರೆ ಅದಕ್ಕೊಬ್ಬರು ಜವಾಬ್ದಾರರಿದ್ದಾರೆ.

ಉತ್ತರ ಹೀಗೆ ಬಿಚ್ಚಿಕೊಂಡಾಗ ಮುಂದಿನದನ್ನು ಕೇಳುವುದು ಸಲೀಸು. "ಅವರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದರು?" ಅಂತ ಕೇಳಿದೆ. ತನ್ನ ಲ್ಯಾಪ್‌ಟಾಪಿನಲ್ಲಿ ಇಡೀ ಪ್ರಾಜೆಕ್ಟ್ ಓಡಿಸುವುದಕ್ಕೇ ಅವಳಿಗೆ ಬಹಳ ದಿನ ಹಿಡಿಯಿತಂತೆ, ಆಮೇಲೆ ಅವಳ ಕೈಯಲ್ಲೇ ಅದರ ವಿವರ ಬರೆಸಿಟ್ಟರಂತೆ. ಜೊತೆಗೆ ಕೂತು ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ ಇದು. ಮೆಂಟರ್ ಹೆಸರಿಗಷ್ಟೇ ಇದ್ದರೆ ಈ ಪ್ರಶ್ನೆಗೆ "ಇಲ್ಲ ಇಲ್ಲ, ಎಲ್ಲಾ ಚೆನ್ನಾಗೇ ಆಯ್ತು" ಅನ್ನುವ ಮಾತು ಬರುತ್ತದೆ.

ನಾನು ತಪ್ಪದೆ ಕೇಳುತ್ತಿದ್ದ ಇನ್ನೊಂದು ಪ್ರಶ್ನೆ ಕೋಡ್‌ಗೆ ಪ್ರವೇಶ ಯಾವಾಗ ಸಿಗುತ್ತದೆ, ನಾನು ಬರೆದದ್ದನ್ನು ಯಾರು ರಿವ್ಯೂ ಮಾಡುತ್ತಾರೆ ಅನ್ನುವುದು. ಪುಣೆಯಲ್ಲಿ ಹೊರದೇಶದ ಕ್ಲೈಂಟ್‌ಗಳಿಗೆ ಕೆಲಸ ಮಾಡಿಕೊಡುವ ಕಂಪನಿಗಳು ಬಹಳ. ಕ್ಲೈಂಟ್ ಒಪ್ಪದೆ ಅವರ ಕೋಡ್ ಇಂಟರ್ನ್ ಕೈಗೆ ಸಿಗುವುದಿಲ್ಲ. ಒಪ್ಪಿಗೆ ಬರುವವರೆಗೆ ಟ್ರೈನಿಂಗ್ ವಿಡಿಯೋ ನೋಡುತ್ತಾ ಕೂರಬೇಕು, ಇಲ್ಲವೇ ಒಂದು ಡಮ್ಮಿ ಪ್ರಾಜೆಕ್ಟ್ ಮಾಡಬೇಕು. ಆರು ತಿಂಗಳ ಇಂಟರ್ನ್‌ಶಿಪ್‌ನಲ್ಲಿ ಇದಕ್ಕೆ ಎರಡು ತಿಂಗಳು ಹೋದರೆ ಉಳಿಯುವುದು ನಾಲ್ಕೇ. "ಮೊದಲ ವಾರದಲ್ಲೇ ಒಂದು ಚಿಕ್ಕ ಬಗ್ ಕೊಡ್ತೀವಿ, ನಿನ್ನ ಪಕ್ಕದವರೇ ರಿವ್ಯೂ ಮಾಡ್ತಾರೆ" ಅನ್ನುವುದು ನಿಜವಾದ ಉತ್ತರ. "ಪ್ರೊಸೀಜರ್ ಪ್ರಕಾರ ಆಗುತ್ತೆ" ಅಂದರೆ ತಡವಾಗಬಹುದು ಅಂತ ಲೆಕ್ಕ ಹಿಡಿಯಬೇಕು.

ಯಾರನ್ನು ಏನು ಕೇಳಬೇಕು ಅನ್ನುವುದರಲ್ಲೂ ಒಂದು ಅಂದಾಜು ಬೇಕು. ಸ್ಟೈಪೆಂಡ್, ರಜೆ, ಕಾಲೇಜಿನ ಎನ್‌ಒಸಿ ವಿಷಯ ಎಂಜಿನಿಯರನ್ನು ಕೇಳಿದರೆ ಅವರಿಗೂ ಗೊತ್ತಿರಲ್ಲ, ನಮ್ಮ ನಿಮಿಷವೂ ಹೋಗುತ್ತದೆ. ಅವು ಎಚ್‌ಆರ್‌ಗೆ. ಎಚ್‌ಆರ್‌ ಹತ್ತಿರ ನಾನು ಕೇಳುತ್ತಿದ್ದದ್ದರಲ್ಲಿ ಒಂದು ಸುಮ್ನೆ ಕಾಣುವಂಥದ್ದು, ಆದರೆ ತೂಕದ್ದು: "ಕಾಲೇಜಿನ ರಿಪೋರ್ಟ್‌ನಲ್ಲಿ ನನ್ನ ಕೆಲಸದ ಬಗ್ಗೆ ಎಷ್ಟು ಬರೆಯಬಹುದು?" ಕೊನೆಗೆ ಕಾಲೇಜಿನಲ್ಲಿ ರಿಪೋರ್ಟ್ ಕೊಟ್ಟು ಪ್ರೆಸೆಂಟೇಶನ್ ಮಾಡಬೇಕಲ್ವಾ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ ಮೇಲೆ ಒಂದು ಸ್ಕ್ರೀನ್‌ಶಾಟ್ ಹಾಕೋಕೂ ಅನುಮತಿ ಬೇಕು.

ಪರ್ಮನೆಂಟ್ ಕೆಲಸದ ಆಫರ್ ಬಗ್ಗೆ ಕೇಳಬಾರದು, ದುರಾಸೆ ಅನಿಸುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನಂತೂ ಒಪ್ಪಲ್ಲ. "ಆಫರ್ ಸಿಗುತ್ತಾ?" ಅಂತ ಕೇಳಿದರೆ "ಪರ್ಫಾರ್ಮೆನ್ಸ್ ಮೇಲೆ" ಅನ್ನುತ್ತಾರೆ, ಅಷ್ಟಕ್ಕೇ ಮುಗಿಯಿತು. "ಹೋದ ಬ್ಯಾಚಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನ ಉಳಿದರು, ಆ ತೀರ್ಮಾನ ಯಾವ ತಿಂಗಳಲ್ಲಿ ಆಗುತ್ತೆ?" ಅಂದರೆ ಹೇಳೋಕೆ ಏನಾದರೂ ಇರುತ್ತದೆ. ಬಾಣೇರಿನವರು ನೇರವಾಗಿ, "ಬಜೆಟ್ ಏಪ್ರಿಲ್‌ನಲ್ಲಿ ಗೊತ್ತಾಗುತ್ತೆ, ಈಗ ಮಾತು ಕೊಡೋಕಾಗಲ್ಲ" ಅಂದರು. ಅಲ್ಲಿಯವರೆಗೆ ಕ್ಯಾಂಪಸ್‌ಗೆ ಬರುವ ಬೇರೆ ಕಂಪನಿಗಳನ್ನು ಬಿಡಬಾರದು ಅನ್ನುವುದು ನನಗೆ ಅದರಿಂದಲೇ ತಿಳಿಯಿತು.

ಹಿಂಜವಡಿಯಲ್ಲಿ ಸ್ಟೈಪೆಂಡ್ ಜಾಸ್ತಿ ಇತ್ತು. ನಾನು ಬಾಣೇರಿಗೆ ಹೋದೆ. ನನಗೆ ಸಿಕ್ಕ ಮೊದಲ ಕೆಲಸಗಳಲ್ಲಿ ಒಂದು ಅದೇ ತಾಳೆ ನೋಡುವ ಪ್ರೋಗ್ರಾಂಗೆ ಇನ್ನೊಂದು ಬ್ಯಾಂಕಿನ ಫೈಲ್ ಸೇರಿಸುವುದು.

ಈ ಪ್ರಶ್ನೆ ಎಲ್ಲಾ ಕಡೆ ನಡೆಯುವುದಿಲ್ಲ. ದೊಡ್ಡ ಕಂಪನಿಗಳು ಕ್ಯಾಂಪಸ್‌ಗೆ ಬಂದು ಒಂದೇ ದಿನ ನೂರಾರು ಜನರನ್ನು ನೋಡುವಾಗ, ಎದುರಿಗೆ ಕೂತವರು ಯಾವುದೋ ಟೀಮಿನವರು, ನಾವು ಸೇರುವುದು ಇನ್ನೆಲ್ಲೋ. ಅವರ ಹಳೆ ಇಂಟರ್ನ್ ಕಥೆ ಕೇಳಿ ನಮಗೇನೂ ತಿಳಿಯಲ್ಲ. ಅಂಥ ಕಡೆ ನಾನು ಕೇಳಿದ್ದು ಟೀಮ್ ಹಂಚಿಕೆ ಯಾರು ಮಾಡುತ್ತಾರೆ, ಯಾವಾಗ, ನಮ್ಮ ಇಷ್ಟ ಕೇಳುತ್ತಾರಾ ಅಂತ. ಇನ್ನು ಮೊದಲ ಸಲ ಇಂಟರ್ನ್ ತೆಗೆದುಕೊಳ್ಳುವ ಟೀಮಾದರೆ, "ಇತ್ತೀಚೆಗೆ ಹೊಸದಾಗಿ ಸೇರಿದವರ ಮೊದಲ ತಿಂಗಳು ಹೇಗಿತ್ತು?" ಅಂತ ಬದಲಾಯಿಸಿಕೊಂಡರೆ ಸಾಕು, ಉತ್ತರ ಓದುವ ಬಗೆ ಅದೇ.