ಉಮ್ಮನ ಮಯ್ಯಿತ್ ನಮಾಝ್‌ಗೆ ನಾನೇ ನಿಂತೆ

ಉಮ್ಮ ತೀರಿಕೊಂಡದ್ದು ಸುಬ್ಹಿ ಹೊತ್ತಿಗೆ. ಲುಹ್ರ್ ನಮಾಝ್ ಆದ ಮೇಲೆ ದಫನ ಅಂತ ತೀರ್ಮಾನವಾಯಿತು. ಹೆಂಗಸರು ಒಳಗೆ ಮಯ್ಯಿತ್‌ಗೆ, ಅಂದರೆ ಉಮ್ಮನ ದೇಹಕ್ಕೆ, ಸ್ನಾನ ಮಾಡಿಸುತ್ತಿದ್ದರು. ನಾನು ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದೆ. ನಮ್ಮ ಮಸೀದಿಯ ಉಸ್ತಾದರು ಬಂದು ಪಕ್ಕದಲ್ಲಿ ಕೂತು, ‘ನಮಾಝ್‌ಗೆ ನೀವೇ ಇಮಾಮ್ ನಿಲ್ಲಿ’ ಅಂದರು.

ನನಗೆ ಕೈಕಾಲು ತಣ್ಣಗಾಯಿತು. ‘ನೀವೇ ನಿಲ್ಲಿ ಉಸ್ತಾದ್’ ಅಂದೆ. ಅವರು ಒಪ್ಪಲಿಲ್ಲ. ನಾವು ಕರಾವಳಿಯ ಬ್ಯಾರಿಗಳು, ಶಾಫಿಈ ಮದ್ಹಬ್‌ನವರು. ನಮ್ಮಲ್ಲಿ ಮಯ್ಯಿತ್ ನಮಾಝ್‌ಗೆ ಮಸೀದಿಯ ಇಮಾಮರಿಗಿಂತ ಮೊದಲ ಹಕ್ಕು ಹತ್ತಿರದ ರಕ್ತ ಸಂಬಂಧಿಗೆ. ಮೊದಲು ತಂದೆ, ಆಮೇಲೆ ಅಜ್ಜ, ಆಮೇಲೆ ಮಗ. ಉಮ್ಮನ ತಂದೆಯೂ ಇಲ್ಲ, ಅಜ್ಜನೂ ಇಲ್ಲ. ತಮ್ಮ ದಮ್ಮಾಮ್‌ನಲ್ಲಿದ್ದ. ‘ಮಗ ಕೇಳುವ ದುಆದಲ್ಲಿ ಇರುವ ನೋವು ನನ್ನ ದುಆದಲ್ಲಿ ಎಲ್ಲಿಂದ ಬರಬೇಕು?’ ಅಂದರು ಉಸ್ತಾದ್. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಎಷ್ಟೋ ಮಯ್ಯಿತ್ ನಮಾಝ್‌ಗಳಲ್ಲಿ ಹಿಂದಿನ ಸಫ್‌ನಲ್ಲಿ, ಅಂದರೆ ಸಾಲಿನಲ್ಲಿ, ನಿಂತವನು ನಾನು. ಆದರೆ ಹಿಂದೆ ನಿಲ್ಲುವುದೇ ಬೇರೆ, ಮುಂದೆ ನಿಲ್ಲುವುದೇ ಬೇರೆ ಅಲ್ವಾ? ಈ ನಮಾಝ್‌ನಲ್ಲಿ ರುಕೂ ಇಲ್ಲ, ಸುಜೂದ್ ಇಲ್ಲ, ಕೂರುವುದೂ ಇಲ್ಲ. ಬಾಂಗ್, ಇಕಾಮತ್ ಕೂಡ ಇಲ್ಲ. ನಿಂತಲ್ಲೇ ‘ಅಲ್ಲಾಹು ಅಕ್ಬರ್’ ಅನ್ನುವ ನಾಲ್ಕು ತಕ್ಬೀರ್, ಕೊನೆಗೆ ಸಲಾಂ. ದಿನಕ್ಕೆ ಐದು ಸಲ ಬಗ್ಗಿ ರೂಢಿಯಾದ ಮೈ ತಕ್ಬೀರ್ ಕೇಳಿದ ಕೂಡಲೇ ತಾನಾಗಿ ಬಗ್ಗಲು ನೋಡುತ್ತದೆ. ಎರಡನೇ ತಕ್ಬೀರ್‌ಗೆ ಹಿಂದಿನವರು ರುಕೂಗೆ ಹೋಗಿ, ಗಾಬರಿಯಾಗಿ ಮತ್ತೆ ಎದ್ದು ನಿಂತದ್ದನ್ನು ನಾನೇ ನೋಡಿದ್ದೇನೆ. ಇಮಾಮರೇ ಹಾಗೆ ಬಗ್ಗಿದರೆ?

ಲೆಕ್ಕ ತಪ್ಪಿದರೆ ಏನು ಮಾಡಲಿ ಅಂತ ಕೇಳಿದೆ. ಉಸ್ತಾದ್ ಹೇಳಿದ ಉಪಾಯ ಸರಳವಾಗಿತ್ತು. ತಕ್ಬೀರ್ ಎಣಿಸಬೇಡಿ, ಏನು ಓದುತ್ತಿದ್ದೀರಿ ಅನ್ನುವುದನ್ನು ಹಿಡಿದುಕೊಳ್ಳಿ. ಫಾತಿಹಾ ಓದುತ್ತಿದ್ದರೆ ಒಂದು ಆಗಿದೆ. ನಬಿಯವರ ಮೇಲಿನ ಸ್ವಲಾತ್ ಓದುತ್ತಿದ್ದರೆ ಎರಡು. ಮಯ್ಯಿತ್‌ಗೆ ದುಆ ಮಾಡುತ್ತಿದ್ದರೆ ಮೂರು. ಅಕಸ್ಮಾತ್ ಮೂರಕ್ಕೇ ಮರೆತು ಸಲಾಂ ಹೇಳಿದರೆ, ನೆನಪಾದ ತಕ್ಷಣ ನಾಲ್ಕನೇ ತಕ್ಬೀರ್ ಹೇಳಿ ಮತ್ತೆ ಸಲಾಂ ಹೇಳಿದರಾಯಿತು. ಅಷ್ಟು ಕೇಳಿದ ಮೇಲೆ ಎದೆ ಸ್ವಲ್ಪ ಹಗುರವಾಯಿತು.

ಆದರೆ ನಿಜವಾದ ಕಷ್ಟ ಇನ್ನೊಂದಿತ್ತು. ಮೂರನೇ ತಕ್ಬೀರ್ ಆದ ಮೇಲಿನ ದುಆ ನನಗೆ ಬಾಯಿಪಾಠ ಇದ್ದದ್ದು ಗಂಡಸಿಗೆ ಮಾಡುವ ರೂಪದಲ್ಲಿ. ‘ಅಲ್ಲಾಹುಮ್ಮಗ್‌ಫಿರ್ ಲಹೂ ವರ್‌ಹಮ್‌ಹು...’ ಹೆಂಗಸಿಗಾದರೆ ‘ಲಹಾ ವರ್‌ಹಮ್‌ಹಾ’ ಆಗಬೇಕು. ‘ಹೂ’ ಇರುವ ಕಡೆಯೆಲ್ಲ ‘ಹಾ’. ಕೇಳಲು ಸಣ್ಣ ವಿಷಯ. ಆದರೆ ಚಿಕ್ಕಂದಿನಿಂದ ಹೇಳಿಕೊಂಡು ಬಂದದ್ದನ್ನು ನಾಲಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ‘ಮಯ್ಯಿತ್ ಅಂತ ಮನಸ್ಸಿನಲ್ಲಿಟ್ಟು ಹೂ ಅಂದರೂ ಸರಿಯಾಗುತ್ತದೆ, ಗಂಡೋ ಹೆಣ್ಣೋ ಗೊತ್ತಿಲ್ಲದಾಗ ಹಾಗೇ ಹೇಳುತ್ತೇವೆ’ ಅಂದರು ಉಸ್ತಾದ್. ನನಗೆ ಮನಸ್ಸು ಬರಲಿಲ್ಲ. ಅದು ನನ್ನ ಉಮ್ಮ. ಅವರಿಗೆ ಅಂತಲೇ ಕೇಳಬೇಕು ಅನಿಸಿತು. ಬಾವಿಕಟ್ಟೆ ಹತ್ತಿರ ಹೋಗಿ ಒಬ್ಬನೇ ಹತ್ತು ಹದಿನೈದು ಸಲ ಹೇಳಿಕೊಂಡೆ. ಲಹಾ, ವರ್‌ಹಮ್‌ಹಾ, ವ ಆಫಿಹಾ, ವಅ್‌ಫು ಅನ್‌ಹಾ.

ಈ ದುಆದ ಅರ್ಥ ಮೊದಲೇ ಗೊತ್ತಿತ್ತು. ಆದರೆ ಅದು ಮನಸ್ಸಿಗೆ ಇಳಿದದ್ದು ಅವತ್ತು. ಇವರನ್ನು ಕ್ಷಮಿಸು, ಕರುಣೆ ತೋರು, ಇವರಿಗೆ ಒಳ್ಳೆಯ ಆತಿಥ್ಯ ಕೊಡು, ಇವರು ಹೋಗುವ ಜಾಗವನ್ನು ವಿಶಾಲ ಮಾಡು ಅಂತ ಕೇಳುತ್ತೇವೆ. ನೀರಿನಿಂದ, ಹಿಮದಿಂದ, ಆಲಿಕಲ್ಲಿನಿಂದ ತೊಳೆ ಅನ್ನುತ್ತೇವೆ. ಬಿಳಿ ಬಟ್ಟೆಯ ಕೊಳೆ ತೆಗೆದ ಹಾಗೆ ಇವರ ಪಾಪ ತೆಗೆ ಅನ್ನುತ್ತೇವೆ. ಉಪ್ಪನ ಬಿಳಿ ಮುಂಡನ್ನು ಉಮ್ಮ ಅದೇ ಬಾವಿಕಟ್ಟೆಯಲ್ಲಿ ಒಗೆದು, ನೀಲಿ ಹಾಕಿ ಒಣಗಿಸುತ್ತಿದ್ದರು. ಕಾಲರ್ ಕೊಳೆ ಹೋಗದಿದ್ದರೆ ನಮ್ಮ ಶಾಲೆಯ ಅಂಗಿಯನ್ನು ಎರಡನೇ ಸಲ ಉಜ್ಜುತ್ತಿದ್ದರು. ಆ ಸಾಲು ಬಂದಾಗ ಗಂಟಲು ಕಟ್ಟಿತು. ನಬಿಯವರು ಒಂದು ಮಯ್ಯಿತ್‌ಗೆ ಈ ದುಆ ಮಾಡಿದ್ದನ್ನು ಕೇಳಿ ನೆನಪಿಟ್ಟುಕೊಂಡವರು ಔಫ್ ಬಿನ್ ಮಾಲಿಕ್. ಆ ಮಯ್ಯಿತ್ ನಾನೇ ಆಗಿರಬಾರದಿತ್ತೇ ಅಂತ ತನಗೆ ಆಸೆಯಾಯಿತು ಅಂತ ಅವರು ಹೇಳಿದ್ದು ಸಹೀಹ್ ಮುಸ್ಲಿಂನಲ್ಲಿದೆ. ಅವರಿಗೆ ಯಾಕೆ ಹಾಗನ್ನಿಸಿತು ಅಂತ ನನಗೆ ಬಾವಿಕಟ್ಟೆಯಲ್ಲಿ ಅರ್ಥವಾಯಿತು.

ಲುಹ್ರ್ ಆಯಿತು. ಉಮ್ಮನನ್ನು ಸಫ್‌ಗಳ ಮುಂದೆ ಇಟ್ಟರು. ನಮಗೆ ಕಿಬ್ಲಾ ಪಶ್ಚಿಮಕ್ಕೆ. ಹಾಗೆ ಮುಖ ಮಾಡಿ ನಿಂತರೆ ಬಲಕ್ಕೆ ಉತ್ತರ, ಉಮ್ಮನ ತಲೆ ಆ ಕಡೆ. ಗಂಡಸಾದರೆ ಇಮಾಮ್ ತಲೆಯ ನೇರಕ್ಕೆ ನಿಲ್ಲಬೇಕು, ಹೆಂಗಸಾದರೆ ಸೊಂಟದ ನೇರಕ್ಕೆ. ಬಾಣಂತನದಲ್ಲಿ ತೀರಿಕೊಂಡ ಒಬ್ಬ ಹೆಣ್ಣುಮಗಳ ಮಯ್ಯಿತ್‌ಗೆ ನಬಿಯವರು ಹಾಗೆ ಮಧ್ಯಕ್ಕೆ ನಿಂತಿದ್ದರು ಅಂತ ಸಮುರಾ ಬಿನ್ ಜುಂದುಬ್ ಹೇಳಿದ್ದಾರೆ. ನಾನು ಅಭ್ಯಾಸದಿಂದ ತಲೆಯ ಹತ್ತಿರ ಹೋಗಿದ್ದೆ. ಉಸ್ತಾದ್ ಮೆಲ್ಲಗೆ ತೋಳು ಹಿಡಿದು ಎಡಕ್ಕೆ ಸರಿಸಿದರು. ಹಿಂದೆ ಮೂರು ಸಫ್ ಮಾಡಿಸಿದರು.

ಶುರು ಮಾಡುವ ಮೊದಲು ಜನರ ಕಡೆ ತಿರುಗಿ, ‘ಉಮ್ಮ ಯಾರಿಗಾದರೂ ಕೊಡಲು ಬಾಕಿ ಇದ್ದರೆ ನನ್ನ ಹತ್ತಿರ ಹೇಳಿ, ನಾನು ಕೊಡುತ್ತೇನೆ. ತಪ್ಪು ಮಾಡಿದ್ದರೆ ಕ್ಷಮಿಸಿ’ ಅಂದೆ. ಸಾಲದ ಮಾತನ್ನು ನಮಾಝ್‌ಗೆ ಮೊದಲೇ ಹೇಳಿಬಿಡುವುದು ನಮ್ಮಲ್ಲಿ ರೂಢಿ.

ಆಮೇಲೆ ನಿಯ್ಯತ್ ಮಾಡಿ ಕೈ ಎತ್ತಿದೆ. ಅಲ್ಲಾಹು ಅಕ್ಬರ್. ಕೈ ಕಟ್ಟಿ ಫಾತಿಹಾ. ಇಮಾಮ್ ಜೋರಾಗಿ ಹೇಳುವುದು ತಕ್ಬೀರ್ ಮತ್ತು ಸಲಾಂ ಮಾತ್ರ, ಉಳಿದದ್ದೆಲ್ಲ ಮೆಲ್ಲಗೆ. ಎರಡನೇ ತಕ್ಬೀರ್, ಸ್ವಲಾತ್. ನಮ್ಮಲ್ಲಿ ನಾಲ್ಕೂ ತಕ್ಬೀರ್‌ಗೆ ಕೈ ಎತ್ತುತ್ತೇವೆ. ದಾವಣಗೆರೆಯ ನನ್ನ ಭಾವ ಹನಫಿ, ಅವರು ಮೊದಲನೆಯದಕ್ಕೆ ಮಾತ್ರ ಎತ್ತುತ್ತಾರೆ, ಫಾತಿಹಾ ಜಾಗದಲ್ಲಿ ಅಲ್ಲಾಹನ ಸ್ತುತಿಯಾದ ಸನಾ ಓದುತ್ತಾರೆ. ಇಬ್ಬರೂ ಒಂದೇ ಸಫ್‌ನಲ್ಲಿ ನಿಲ್ಲುತ್ತೇವೆ, ಏನೂ ತೊಂದರೆ ಇಲ್ಲ.

ಮೂರನೇ ತಕ್ಬೀರ್. ಕಣ್ಣೆದುರು ಬಿಳಿ ಕಫನ್. ‘ಅಲ್ಲಾಹುಮ್ಮಗ್‌ಫಿರ್ ಲಹಾ’ ಅಂದೆ. ಮುಂದಿನದಕ್ಕೆ ನಾಲಿಗೆ ‘ವರ್‌ಹಮ್‌ಹು’ ಅಂದೇಬಿಟ್ಟಿತು. ನಿಲ್ಲಿಸಿ, ಮತ್ತೆ ಮೊದಲಿನಿಂದ ನಿಧಾನವಾಗಿ ಹೇಳಿದೆ. ಆಮೇಲೆ ತಪ್ಪಲಿಲ್ಲ. ‘ಇವರ ಮನೆಗಿಂತ ಒಳ್ಳೆಯ ಮನೆ ಕೊಡು’ ಅನ್ನುವಾಗ ಕಣ್ಣು ತುಂಬಿತು. ತಡೆಯಲು ಹೋಗಲಿಲ್ಲ.

ನಾಲ್ಕನೇ ತಕ್ಬೀರ್ ಆದ ಕೂಡಲೇ ಸಲಾಂ ಹೇಳಿ ಮುಗಿಸಬೇಡಿ ಅಂತ ಉಸ್ತಾದ್ ಮೊದಲೇ ಹೇಳಿದ್ದರು. ಶಾಫಿಈಯಲ್ಲಿ ಅಲ್ಲೂ ಸ್ವಲ್ಪ ನಿಂತು ದುಆ ಮಾಡುವುದು ಸುನ್ನತ್. ‘ಅಲ್ಲಾಹುಮ್ಮ ಲಾ ತಹ್‌ರಿಮ್‌ನಾ ಅಜ್‌ರಹಾ, ವಲಾ ತಫ್‌ತಿನ್ನಾ ಬಅ್‌ದಹಾ.’ ಇವರ ಪ್ರತಿಫಲ ನಮಗೆ ತಪ್ಪಿಸಬೇಡ, ಇವರ ನಂತರ ನಮ್ಮನ್ನು ಪರೀಕ್ಷೆಗೆ ಒಡ್ಡಬೇಡ. ಇದು ಉಳಿದವರ ದುಆ. ಉಮ್ಮ ಇಲ್ಲದ ಮನೆಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಹೋಗಬೇಕಿತ್ತು ನಾನು. ಅದನ್ನೇ ಮೂರು ಸಲ ಹೇಳಿದೆ. ಬಲಕ್ಕೆ ಸಲಾಂ, ಎಡಕ್ಕೆ ಸಲಾಂ.

ನಾಲ್ಕು ಜನ ಮಂಚ ಎತ್ತಲು ಬಗ್ಗಿದರು. ಉಸ್ತಾದ್ ಕೈ ಅಡ್ಡ ಹಿಡಿದು ಹಿಂದೆ ನೋಡಿ ಅಂತ ಸನ್ನೆ ಮಾಡಿದರು. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದ ಅಕ್ಕನ ಮಗ ಮೂರನೇ ತಕ್ಬೀರ್ ಹೊತ್ತಿಗೆ ಬಂದು ಸೇರಿಕೊಂಡಿದ್ದ. ತಡವಾಗಿ ಸೇರಿದವರು ತಮ್ಮ ಮೊದಲ ತಕ್ಬೀರ್‌ನಿಂದಲೇ ಫಾತಿಹಾ ಶುರು ಮಾಡಬೇಕು, ಇಮಾಮ್ ಸಲಾಂ ಹೇಳಿದ ಮೇಲೆ ಉಳಿದದ್ದನ್ನು ತಾವೇ ಪೂರ್ತಿ ಮಾಡಬೇಕು. ಅಲ್ಲಿವರೆಗೆ ಮಯ್ಯಿತ್ ಎತ್ತದಿರುವುದು ಒಳ್ಳೆಯದು. ಅವನು ಬ್ಯಾಗ್ ಕಾಲ ಬಳಿ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದ. ತುಟಿ ಆಡುತ್ತಿತ್ತು. ಇನ್ನೊಂದು ಸಲ ಕೈ ಎತ್ತಿದ, ಮತ್ತೊಂದು ಸಲ ಎತ್ತಿದ. ಎಲ್ಲರೂ ಸುಮ್ನೆ ಕಾದೆವು. ಅವನು ಎಡಕ್ಕೆ ಸಲಾಂ ಹೇಳಿ ಕಣ್ಣು ತೆರೆದ ಮೇಲೆ ಉಮ್ಮನನ್ನು ಎತ್ತಿಕೊಂಡೆವು.