ಸಿಟ್ಟಿನ ವಾಟ್ಸಾಪ್ ಮೆಸೇಜುಗಳಿಂದ ಒಂದು ಪುಟದ ದೂರು: ನನ್ನ ಅನುಭವ

"ಎಚ್ಆರ್‌ಗೆ ಬರದು ಯಾರಿಗಿ ಏನ್ ಸಿಕ್ಕದ ಹೇಳವ್ವಾ" ಅಂತ ನಮ್ಮಣ್ಣ ಅಂದಿದ್ದ. ಆಫೀಸಿನವರ ಮಾತೂ ಅದೇ. ಮೂರನೇ ಸಲಕ್ಕೆ ನನ್ನ ದೂರು ಕೆಲಸ ಮಾಡಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಲಬುರಗಿಯಲ್ಲಿ ತೊಗರಿ ಖರೀದಿಸುವ ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಪ್ರತಿ ಸೋಮವಾರ ಬೆಂಗಳೂರಿನವರ ಜೊತೆ ವಿಡಿಯೋ ಮೀಟಿಂಗ್. ನಾನು ಬಾಯಿ ತೆರೆದರೆ ಖರೀದಿ ವಿಭಾಗದ ಹಿರಿಯರೊಬ್ಬರು ನಡುವೆ ಬಾಯಿ ಹಾಕುತ್ತಿದ್ದರು. ಮೀಟಿಂಗ್ ಮುಗಿದ ಮೇಲೆ ಇಬ್ಬರು ಗೆಳತಿಯರ ಗ್ರೂಪಿನಲ್ಲಿ ನನ್ನ ಸಿಟ್ಟೆಲ್ಲ ಸುರಿಯುತ್ತಿದ್ದೆ.

ಮೊದಲ ದೂರನ್ನು ರಾತ್ರಿ ಹನ್ನೊಂದೂವರೆಗೆ ಕಳಿಸಿದೆ. ಮೂರು ಪುಟ, ಜೊತೆಗೆ ನಲವತ್ತು ಸ್ಕ್ರೀನ್‌ಶಾಟ್. "ಇಬ್ಬರೂ ಕೂತು ಮಾತಾಡಿಕೊಳ್ಳಿ" ಅಂತ ಒಂಬತ್ತು ದಿನಕ್ಕೆ ಉತ್ತರ ಬಂತು. ಸ್ಕ್ರೀನ್‌ಶಾಟಿನಲ್ಲಿ ಒಬ್ಬ ಗೆಳತಿಯ ಮಾತುಗಳೂ ಇದ್ದವು. ಅವಳು ಎರಡು ವಾರ ನನ್ನ ಜೊತೆ ಮಾತು ಬಿಟ್ಟಳು. ಆ ತಪ್ಪು ನನ್ನದೇ.

ಎರಡನೇ ಸಲ ವಕೀಲರಿಗೆ 1,500 ರೂಪಾಯಿ ಕೊಟ್ಟು ಬರೆಸಿದೆ. ಎಚ್ಆರ್ ಅದನ್ನು ಲೀಗಲ್ ವಿಭಾಗಕ್ಕೆ ದಾಟಿಸಿ ಸುಮ್ಮನಾಯಿತು. ಒಂದೂವರೆ ತಿಂಗಳು ಹಾಳು. ಇಂಟರ್ನಲ್ ಕಮಿಟಿಗೆ ಕೊಡು ಅಂತಲೂ ಒಬ್ಬರು ಹೇಳಿದರು. ಅದು 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರಿಗೆ ಇರುವುದು. ನನ್ನದು ಆ ಥರದ್ದಲ್ಲ, ಹಾಗಾಗಿ ಅಲ್ಲಿಗೆ ಹೋಗಲಿಲ್ಲ.

ಆಮೇಲೆ ಒಂದು ಭಾನುವಾರ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಪ್ರಿಂಟ್ ತೆಗೆದೆ. ಕೆಂಪು ಪೆನ್ನು ಹಿಡಿದು, ನನಗೆ ಅನ್ನಿಸಿದ್ದನ್ನೆಲ್ಲ ಹೊಡೆದು ಹಾಕಿದೆ. ಕಣ್ಣಿಂದ ನೋಡಿದ್ದು, ಕಿವಿಯಿಂದ ಕೇಳಿದ್ದು ಮಾತ್ರ ಉಳಿಸಿದೆ. ಹತ್ತು ಸಾಲಿನಲ್ಲಿ ಎರಡು ಉಳಿದವು ಅಷ್ಟೇ. ಆದರೆ ಮೆಸೇಜಿನ ದಿನ, ಗಂಟೆ ಬಂಗಾರದಂತೆ ಕೈಗೆ ಸಿಕ್ಕಿತು. ಮೀಟಿಂಗ್ ಮುಗಿದ ಐದು ನಿಮಿಷದೊಳಗೆ ಬರೆದದ್ದಲ್ವಾ!

ಒಂದನ್ನು ತೋರಿಸುತ್ತೇನೆ. ಜನವರಿಯ ಮೆಸೇಜು ಹೀಗಿತ್ತು: "ಇವತ್ತೂ ಮಾತಾಡ್ಲಾಕ ಬಿಡ್ಲಿಲ್ಲ ನೋಡವ್ವಾ. ತೊಗರಿ ಹಸಿ ಅದ ಅಂತ ಬಾಯಿ ತೆರಿಯೋದ್ರಾಗೇ 'ಅದೆಲ್ಲಾ ಆಮ್ಯಾಲ' ಅಂದ. ಬೇಕಂತಲೇ ಮಾಡ್ತಾನ. ನಾನೇನು ಕಸಾನಾ?"

ದೂರಿನಲ್ಲಿ ಅದು ಹೀಗಾಯಿತು: "ಜನವರಿ ಎರಡನೇ ಸೋಮವಾರ, ಸುಮಾರು 11.20. ವಿಷಯ: ಗೋದಾಮಿನ ತೇವಾಂಶ. ನಾನು ಎರಡನೇ ವಾಕ್ಯದಲ್ಲಿದ್ದಾಗ 'ಅದೆಲ್ಲಾ ಆಮ್ಯಾಲ' ಎಂದು ತಡೆಯಲಾಯಿತು. ವಿಷಯ ಮತ್ತೆ ಚರ್ಚೆಗೆ ಬರಲಿಲ್ಲ. ಆ ಲಾಟಿನ ತೇವಾಂಶ 14 ಶೇಕಡಾ ಎಂಬುದು ದಾಖಲಾಗಲಿಲ್ಲ."

"ಬೇಕಂತಲೇ" ಎಂಬ ಮಾತು ತೆಗೆಯುವಾಗ ಹೊಟ್ಟೆ ಉರಿಯಿತು. ಆದರೆ ಇನ್ನೊಬ್ಬರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಗೆ ತೋರಿಸಲಿ? ಎಚ್ಆರ್‌ನವರು ಮೊದಲು ಹಿಡಿಯುವುದೇ ಆ ಮಾತನ್ನು. ಆಡಿದ ಮಾತನ್ನು ಆಡಿದ ಹಾಗೆಯೇ ಬರೆದರೆ ಅಲ್ಲಗಳೆಯುವುದು ಕಷ್ಟ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕೊನೆಯ ವಾಕ್ಯ. ಖರೀದಿಗೆ ತೇವಾಂಶದ ಮಿತಿ 12 ಶೇಕಡಾ. ಆ ಲಾಟು ಹಾಗೇ ಲಾರಿ ಹತ್ತಿತು, ಅತ್ತ ಕಡೆ ಬೆಲೆಯಲ್ಲಿ ಕಡಿತ ಬಿತ್ತು. ಕಂಪನಿಗೆ ಒಂದೂ ಮುಕ್ಕಾಲು ಲಕ್ಷದ ಹತ್ತಿರ ಹೋಯಿತು. ನನ್ನ ಇನ್ಸೆಂಟಿವ್‌ನಲ್ಲೂ ಹದಿನೈದು ಸಾವಿರ ಕಟ್ ಆಯಿತು. ನನ್ನ ನೋವು ಓದಿ ಯಾರೂ ಏಳಲಿಲ್ಲ, ಲಾರಿಯ ಲೆಕ್ಕ ಓದಿ ಎದ್ದರು.

ಇದರ ನಡುವೆ ಇನ್ನೊಂದು ಮಾಡಿ ನೋಡಿದೆ. ನನ್ನ ಟೇಬಲ್ ಮೇಲೆ ಸ್ಯಾಂಪಲ್ ತೊಗರಿ ಯಾವಾಗಲೂ ಇರುತ್ತದೆ. ಎರಡು ಸ್ಟೀಲ್ ಬಟ್ಟಲು ಇಟ್ಟೆ. ನನ್ನ ಮಾತು ಕತ್ತರಿಸಿದರೆ ಒಂದು ಕಾಳು ಈ ಬಟ್ಟಲಿಗೆ, ಬೇರೆಯವರದಾದರೆ ಆ ಬಟ್ಟಲಿಗೆ. ಆರು ಮೀಟಿಂಗಿಗೆ ನನ್ನ ಬಟ್ಟಲಲ್ಲಿ 23 ಕಾಳು, ಉಳಿದ ನಾಲ್ವರದು ಸೇರಿ ಏಳೋ ಎಂಟೋ. "ಅವರು ಎಲ್ಲರ ಜೊತೆಗೂ ಹಾಗೇ" ಎಂಬ ಮಾತು ಬರುತ್ತದೆ ಅಂತ ಗೊತ್ತಿತ್ತು. ಈ ಲೆಕ್ಕ ಅದಕ್ಕೆ ಉತ್ತರವಾಯಿತು. ಎರಡು ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಿಯೂ ನೋಡಿದೆ. ಕಾಳು ಬೀಳುವುದೇನೂ ಕಡಿಮೆಯಾಗಲಿಲ್ಲ.

ಗೆಳತಿಯರ ಹೆಸರು ಬಿಟ್ಟೆ. ಪ್ರತಿ ಮೀಟಿಂಗಿಗೂ ಕ್ಯಾಲೆಂಡರ್ ಆಹ್ವಾನದಲ್ಲಿದ್ದವರ ಪಟ್ಟಿ ಇಟ್ಟೆ, ಯಾರನ್ನು ಕೇಳಬೇಕು ಅಂತ ಎಚ್ಆರ್ ನಿರ್ಧರಿಸಲಿ. ಕೊನೆಗೆ ಎರಡೇ ಬೇಡಿಕೆ: ಪ್ರತಿ ವರದಿಗೆ ಐದು ನಿಮಿಷ, ಪ್ರಶ್ನೆ ಆಮೇಲೆ, ಮತ್ತು ವರದಿಯ ಅಂಕಿಗಳು ಮಿನಿಟ್ಸ್‌ನಲ್ಲಿ ಬರಬೇಕು. ಕ್ಷಮೆ ಕೇಳಿಸಿ ಅಂತ ಬರೆಯಲಿಲ್ಲ. ಸಬ್ಜೆಕ್ಟ್ ಸಾಲಿನಲ್ಲಿ ಏನು ಹಾಕಿದೆ, ಯಾವ ದಿನ ನೋಡಿ ಕಳಿಸಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ.

ನಾಲ್ಕನೇ ದಿನ ಫೋನ್ ಬಂತು. ಮೂವರನ್ನು ಬೇರೆ ಬೇರೆಯಾಗಿ ಕೇಳಿದರು, ಎರಡು ರೆಕಾರ್ಡಿಂಗ್ ನೋಡಿದರು. ಮೂರು ವಾರಕ್ಕೆ ಎರಡೂ ಬೇಡಿಕೆ ಲಿಖಿತ ನಿಯಮವಾದವು. ಇನ್ಸೆಂಟಿವ್ ವಾಪಸ್ ಬರಲಿಲ್ಲ, ಅದನ್ನು ಇನ್ನೂ ಕೇಳುತ್ತಿದ್ದೇನೆ. ಕಳೆದ ಸೋಮವಾರ ಖರೀದಿ ವಿಭಾಗದ ಆ ಹಿರಿಯರು ಮತ್ತೆ ಬಾಯಿ ತೆರೆದರು. "ಮೇಡಂದು ಇನ್ನೂ ಎರಡು ನಿಮಿಷ ಐತ್ರಿ" ಅಂತ ಸ್ಟೋರ್ಸ್‌ನ ಹುಡುಗ ಅಂದ. ನಾನು 13.4 ಅಂತ ಓದಿ ಮುಗಿಸಿದೆ. ಆ ಲಾಟು ಒಣಗಲು ವಾಪಸ್ ಹೋಯಿತು.